ಮೂವತ್ತೈದು ಸಾವಿರದಲ್ಲಿ ಯಾವ ಹೊಲಿಗೆ ಮಷಿನ್ ತಗೊಳ್ಳಲಿ?

ಪ್ರಶ್ನೆ: ಅಕ್ಕಾರ, ನಾನು ಗದಗ-ಬೆಟಗೇರಿಯವಳು. ಹನ್ನೆರಡು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕಾಲಿನಿಂದ ತುಳಿಯುವ ಕಪ್ಪು ಮಷಿನ್ ಇದೆ. ದಿನಕ್ಕೆ ಮೂರು ಲೈನಿಂಗ್ ಬ್ಲೌಸ್ ಆಗುತ್ತವೆ. ಈಗ ಮೊಣಕಾಲು ನೋಯುತ್ತದೆ, ಲಗ್ನದ ಸೀಜನ್ನಿನಲ್ಲಿ ಬಂದ ಆರ್ಡರ್ ವಾಪಸ್ ಕಳಿಸುತ್ತಿದ್ದೇನೆ. ಅಂಗಡಿಯವರು ಕಂಪ್ಯೂಟರ್ ಮಷಿನ್ ತಗೊಳ್ಳಿ, ನೂರು ತರಹದ ಹೊಲಿಗೆ ಬರುತ್ತದೆ ಅನ್ನುತ್ತಾರೆ. ಕೈಯಲ್ಲಿ 35 ಸಾವಿರ ಇದೆ. ಹಳೇದಕ್ಕೆ ಮೋಟಾರ್ ಹಾಕಿಸಲಾ, ಕರೆಂಟಿನ ಮಷಿನ್ ತಗೊಳ್ಳಲಾ, ಕಂಪ್ಯೂಟರ್ ಮಷಿನ್ನಾ?

ಉತ್ತರ: ತಂಗಿ, ಅಂಗಡಿಗೆ ಹೋಗುವ ಮೊದಲು ಒಂದು ದಿನ ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಒಂದು ಬ್ಲೌಸ್ ಹೊಲಿಯಿರಿ. ಯಾವ ಕೆಲಸಕ್ಕೆ ಎಷ್ಟು ನಿಮಿಷ ಹೋಯಿತು ಅಂತ ಚೀಟಿಯಲ್ಲಿ ಬರೆಯಿರಿ. ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಕಲಿಯಲು ಬರುವವರಿಗೆಲ್ಲ ಇದನ್ನು ಮಾಡಿಸುತ್ತೇನೆ. ನಿಮ್ಮ ಹಾಗೆಯೇ ತುಳಿಯುವ ಮಷಿನ್ ಇದ್ದ ಒಬ್ಬರ ಲೆಕ್ಕ ಹೀಗೆ ಬಂತು. ಕಟಿಂಗಿಗೆ 25 ನಿಮಿಷ. ಮಷಿನ್ ಮುಂದೆ ಕೂತದ್ದು 70 ನಿಮಿಷ. ಹೆಮ್ಮಿಂಗ್, ಹುಕ್ಕು, ಕಾಜಾ ಸೇರಿ ಕೈಕೆಲಸಕ್ಕೆ 30. ಇಸ್ತ್ರಿಗೆ 15. ಒಟ್ಟು ಎರಡು ತಾಸು ಇಪ್ಪತ್ತು ನಿಮಿಷ. ಮೂರು ಬ್ಲೌಸಿಗೆ ಏಳು ತಾಸು ಆಗುತ್ತದೆ. ನಿಮ್ಮ ದಿನವೂ ಹೆಚ್ಚುಕಡಿಮೆ ಇಷ್ಟೇ ಇರಬೇಕು.

ಈಗ ಆ 70 ನಿಮಿಷವನ್ನು ಬಿಚ್ಚಿ ನೋಡೋಣ. ಲೈನಿಂಗ್ ಬ್ಲೌಸಿನಲ್ಲಿ ಲೈನಿಂಗ್ ಕೂರಿಸುವುದು, ಟಕ್ಸ್, ಪಟ್ಟಿ, ಕೊರಳು, ತೋಳು, ಪಕ್ಕದ ಎರಡೆರಡು ಹೊಲಿಗೆ ಎಲ್ಲ ಕೂಡಿಸಿದರೆ ಸುಮಾರು 13 ಮೀಟರ್ ಹೊಲಿಗೆ ಬೀಳುತ್ತದೆ. ಇಂಚಿಗೆ ಹತ್ತು ಟಾಕಿ ಅಂದರೆ ಮೀಟರಿಗೆ 400, ಒಟ್ಟು 5,200 ಟಾಕಿ. ನಿಲ್ಲಿಸಿ ನಿಲ್ಲಿಸಿ ತುಳಿಯುವಾಗ ಸರಾಸರಿ ನಿಮಿಷಕ್ಕೆ 300 ಟಾಕಿ ಬೀಳುತ್ತದೆ ಅಂದುಕೊಳ್ಳಿ. ಸೂಜಿ ಓಡಿದ್ದು ಬರೀ 17 ನಿಮಿಷ! ಉಳಿದ 53 ನಿಮಿಷ ಮಷಿನ್ ಸುಮ್ನೆ ನಿಂತಿತ್ತು. ನೀವು ಬಟ್ಟೆ ಜೋಡಿಸುತ್ತಿದ್ದಿರಿ, ತಿರುಗಿಸುತ್ತಿದ್ದಿರಿ, ದಾರ ಕತ್ತರಿಸುತ್ತಿದ್ದಿರಿ, ಕೈಯಿಂದ ಚಕ್ರ ಹಿಡಿದು ಮತ್ತೆ ಶುರು ಮಾಡುತ್ತಿದ್ದಿರಿ.

ಅದಕ್ಕೇ ಹೇಳುತ್ತೇನೆ, ಬರೀ ಸ್ಪೀಡ್ ನೋಡಿ ಮಷಿನ್ ತಗೊಳ್ಳಬೇಡಿ. ಸೂಜಿ ನಿಂತಿರುವ ಆ 53 ನಿಮಿಷದಲ್ಲಿ ಯಾವ ಮಷಿನ್ ನಿಮಗೆ ಸಹಾಯ ಮಾಡುತ್ತದೆ ಅಂತ ನೋಡಿ. ಒಂದೊಂದನ್ನೂ ಇದೇ ಅಳತೆಯಲ್ಲಿ ತೂಗೋಣ.

ಹಳೇ ಮಷಿನ್ನಿಗೆ ಮೋಟಾರ್ ಹಾಕಿಸುವುದು ಎಲ್ಲಕ್ಕಿಂತ ಅಗ್ಗ. ಕಾಲಿನ ಪೆಡಲ್ ಸೇರಿ ಒಂದೂವರೆಯಿಂದ ಎರಡು ಸಾವಿರದೊಳಗೆ ಆಗುತ್ತದೆ. ಮೊಣಕಾಲಿಗೆ ಆ ದಿನದಿಂದಲೇ ಆರಾಮ. ಸೂಜಿ ಓಡುವ 17 ನಿಮಿಷ ಒಂಬತ್ತೋ ಹತ್ತೋ ಆಗಬಹುದು. ಅಂದರೆ ಬ್ಲೌಸಿಗೆ ಉಳಿಯುವುದು ಏಳೆಂಟು ನಿಮಿಷ ಮಾತ್ರ. ಬಟ್ಟೆ ಒತ್ತಿ ಹಿಡಿಯುವ ಪಾಯ ಎತ್ತುವುದು, ದಾರ ಕತ್ತರಿಸುವುದು ಎಲ್ಲ ಹಳೇ ತರಹವೇ. ಇನ್ನೊಂದು ಮಾತು. ಈ ಚಿಕ್ಕ ಮೋಟಾರಿನಲ್ಲಿ ಕಾರ್ಬನ್ ಬ್ರಶ್ ಇರುತ್ತದೆ, ಅದು ಸವೆಯುವ ಸಾಮಾನು. ಮೋಟಾರಿನೊಳಗೆ ಕಿಡಿ ಜಾಸ್ತಿ ಕಂಡರೆ, ಸುಟ್ಟ ವಾಸನೆ ಬಂದರೆ, ಪೆಡಲ್ ಒತ್ತಿದರೂ ತಡವರಿಸಿದರೆ ಬ್ರಶ್ ಮುಗಿಯುತ್ತಾ ಬಂದಿದೆ ಅಂತ ತಿಳಿಯಿರಿ. ಆಗಲೇ ಬದಲಿಸಿದರೆ ಮೋಟಾರ್ ಉಳಿಯುತ್ತದೆ. ತುಳಿಯುವ ಲೆಕ್ಕಕ್ಕೆ ಮಾಡಿದ ಮಷಿನ್ ಮೋಟಾರಿನಲ್ಲಿ ಓಡಿದರೆ ಶಟಲ್ ಬೇಗ ಸವೆಯುತ್ತದೆ, ಟಕಟಕ ಸದ್ದು ಶುರುವಾಗುತ್ತದೆ. ದಿನಾ ಬೆಳಿಗ್ಗೆ ಎಣ್ಣೆ ಬಿಡಬೇಕು, ಮೊದಲು ಚಿಂದಿ ಬಟ್ಟೆಯ ಮೇಲೆ ಓಡಿಸಿ ಆಮೇಲೆ ಗಿರಾಕಿಯ ರೇಷ್ಮೆ ಮುಟ್ಟಬೇಕು.

ಇನ್ನು ಮನೆಬಳಕೆಯ ಕರೆಂಟಿನ ಮಷಿನ್. ಬಿಳಿ ಮೈಯ, ಮೇಲೆ ಗುಂಡಿ ತಿರುಗಿಸಿ ಹೊಲಿಗೆ ಆರಿಸುವ ಮಷಿನ್ ನೋಡಿರುತ್ತೀರಿ. ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಸಿಗುತ್ತದೆ. ಜಿಗ್‌ಜಾಗ್ ಬರುತ್ತದೆ, ಕಾಜಾ ಬರುತ್ತದೆ, ಸೀರೆಗೆ ಪೀಕೋ ಮಾಡಬಹುದು. ಮಕ್ಕಳ ಫ್ರಾಕು, ಕುರ್ತಿ, ರಿಪೇರಿ ಕೆಲಸಕ್ಕೆ ಒಳ್ಳೆಯದು. ಆದರೆ ನಿಮ್ಮ ಮುಖ್ಯ ಮಷಿನ್ ಆಗಿ ಇದನ್ನು ನಾನು ಒಪ್ಪುವುದಿಲ್ಲ. ಇದು ದಿನಕ್ಕೆ ಒಂದೆರಡು ತಾಸು ಹೊಲಿಯುವವರಿಗಾಗಿ ಮಾಡಿದ್ದು. ಒಳಗಿನ ಕೆಲವು ಗಿಯರುಗಳು ಪ್ಲಾಸ್ಟಿಕ್ಕಿನವು. ಜರಿ ಬಟ್ಟೆ, ಲೈನಿಂಗ್, ಕ್ಯಾನ್ವಾಸ್, ಪೈಪಿಂಗ್ ಎಲ್ಲ ಸೇರುವ ದಪ್ಪ ಜಾಗದಲ್ಲಿ ಸೂಜಿ ಸಿಕ್ಕಿಕೊಂಡಾಗ ನೀವು ಪೆಡಲ್ ಇನ್ನೂ ಒತ್ತುತ್ತೀರಿ. ಹೀಗೆ ದಿನಾ ಆದರೆ ಒಂದು ದಿನ ಗಿಯರ್ ಬಿರಿಯುತ್ತದೆ, ಅಥವಾ ಸೂಜಿಗೂ ಕೆಳಗೆ ದಾರ ಹಿಡಿಯುವ ಹುಕ್ಕಿಗೂ ಇರುವ ಟೈಮಿಂಗ್ ತಪ್ಪುತ್ತದೆ. ಟೈಮಿಂಗ್ ತಪ್ಪಿದ್ದು ಗೊತ್ತಾಗುವುದು ಹೀಗೆ: ಹೊಸ ಸೂಜಿ, ಒಳ್ಳೆ ದಾರ ಹಾಕಿದರೂ ನಡುನಡುವೆ ಟಾಕಿ ಬಿಟ್ಟುಹೋಗುತ್ತದೆ. ವಾರಂಟಿ ಕಾರ್ಡನ್ನೂ ಓದಿ. ಮನೆಬಳಕೆಗೆ ಮಾತ್ರ ಅಂತ ಬರೆದಿದ್ದರೆ, ದುಡಿಮೆಗೆ ಬಳಸಿ ಕೆಟ್ಟಾಗ ಅವರು ಕೈ ಎತ್ತಬಹುದು.

ಕಂಪ್ಯೂಟರ್ ಮಷಿನ್ ವಿಷಯದಲ್ಲಿ ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ಅಂಗಡಿಗಳಲ್ಲಿ ಮೂರು ಬೇರೆ ಬೇರೆ ಮಷಿನ್ನಿಗೆ ಇದೇ ಒಂದು ಹೆಸರು ಹೇಳುತ್ತಾರೆ. ಒಂದು, ಪರದೆ ಇರುವ ಮನೆಬಳಕೆ ಮಷಿನ್. ಗುಂಡಿ ತಿರುಗಿಸುವ ಬದಲು ನಂಬರ್ ಒತ್ತಿ ಹೊಲಿಗೆ ಆರಿಸುತ್ತೀರಿ. ಎರಡನೆಯದು, ಕಸೂತಿ ಹಾಕುವ ಎಂಬ್ರಾಯ್ಡರಿ ಮಷಿನ್. ಮೂರನೆಯದು, ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಬಳಸುವ ನೇರ ಹೊಲಿಗೆಯ ಮಷಿನ್ನಿಗೆ ಕಂಟ್ರೋಲ್ ಬಾಕ್ಸ್ ಕೂರಿಸಿದ್ದು. ಇದನ್ನು ಜನ ಯಾವ ಕಂಪನಿಯದಾದರೂ 'ಜುಕಿ ಮಷಿನ್' ಅಂತಲೇ ಕರೆಯುತ್ತಾರೆ. ಅಂಗಡಿಯವರು 'ನೂರು ಹೊಲಿಗೆ' ಅಂದರಲ್ಲ, ಅದು ಮೊದಲನೆಯದು.

ಆ ನೂರು ಹೊಲಿಗೆಯಲ್ಲಿ ಬ್ಲೌಸಿಗೆ ಎಷ್ಟು ಬೇಕು ಹೇಳಿ? ನೇರ ಹೊಲಿಗೆ, ಅಂಚಿಗೆ ಜಿಗ್‌ಜಾಗ್, ಅಪರೂಪಕ್ಕೆ ಕಾಜಾ. ಹೂವು ಬಳ್ಳಿಯ ಹೊಲಿಗೆ ಮೊದಲ ತಿಂಗಳು ಖುಷಿ ಕೊಡುತ್ತದೆ, ಆಮೇಲೆ ಆ ಬಟನ್ ಯಾರೂ ಒತ್ತುವುದಿಲ್ಲ. ನಾನೂ ಅಂಥದ್ದೊಂದು ತಗೊಂಡಿದ್ದೆ. ಎರಡನೇ ಮಳೆಗಾಲದಲ್ಲಿ ಕರೆಂಟ್ ಏರಿಳಿತಕ್ಕೆ ಅದರ ಬೋರ್ಡ್ ಹೋಯಿತು. ಊರಿನ ಮೆಕ್ಯಾನಿಕ್ ಬಿಚ್ಚಿ ನೋಡಿ, ಇದು ನನ್ನ ಕೈಯಲ್ಲಿ ಆಗಲ್ಲ ಅಂದರು. ಬೋರ್ಡ್ ಬರುವವರೆಗೆ ಎರಡು ತಿಂಗಳು ಅದು ಮೂಲೆಯಲ್ಲಿತ್ತು. ಅದೂ ಲಗ್ನದ ಸೀಜನ್ನಿನಲ್ಲಿ! ಆ ಎರಡು ತಿಂಗಳ ಸಂಕಟ ನಿಮಗೆ ಬರಬಾರದು ಅಂತಲೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಎಂಬ್ರಾಯ್ಡರಿ ಮಷಿನ್ ಬೇರೆಯದೇ ದಂಧೆ. 20,000 ಟಾಕಿಯ ಒಂದು ಡಿಸೈನ್, ನಿಮಿಷಕ್ಕೆ 600 ಟಾಕಿಯಂತೆ ಓಡಿದರೂ ಅರ್ಧ ತಾಸಿನ ಮೇಲೆ ಬೇಕು. ಒಂದೇ ಸೂಜಿಯ ಮಷಿನ್ ಆದರೆ ಪ್ರತಿ ಬಣ್ಣಕ್ಕೂ ನೀವೇ ದಾರ ಬದಲಿಸಬೇಕು. ಅಷ್ಟು ಹೊತ್ತು ಅದೇ ಮಷಿನ್ನಿನಲ್ಲಿ ಬ್ಲೌಸ್ ಹೊಲಿಯಲು ಆಗುವುದಿಲ್ಲ. ನಿಮ್ಮ ಗಿರಾಕಿಗಳು ಕೇಳುವುದು ಆರಿ ವರ್ಕ್ ಆಗಿದ್ದರೆ ಅದು ಕೈಕೆಲಸ, ಈ ಮಷಿನ್ನಿನಿಂದ ಬರುವುದಿಲ್ಲ. 35 ಸಾವಿರದಲ್ಲಿ ಇದರ ಆಸೆ ಬೇಡ.

ನಿಮಗೆ ನಾನು ಹೇಳುವುದು ಮೂರನೆಯದನ್ನು. ಒಂದೇ ಸೂಜಿ, ನೇರ ಹೊಲಿಗೆ ಮಾತ್ರ, ಡೈರೆಕ್ಟ್ ಡ್ರೈವ್ ಸರ್ವೋ ಮೋಟಾರ್ ಇರುವ ಪವರ್ ಮಷಿನ್. ಟೇಬಲ್ ಸೇರಿ ಇಪ್ಪತ್ತರಿಂದ ಮೂವತ್ತು ಸಾವಿರದೊಳಗೆ ಬರುತ್ತದೆ. ಮನೆಯ ಮಾಮೂಲಿ ಸಿಂಗಲ್ ಫೇಸ್ ಕರೆಂಟ್ ಸಾಕು, ಅರ್ಥಿಂಗ್ ಮಾತ್ರ ಸರಿ ಇರಬೇಕು. ಮೋಟಾರ್ ಹೊಲಿಯುವಾಗ ಮಾತ್ರ ತಿರುಗುವುದರಿಂದ ಬಿಲ್ಲಿಗೆ ಹೆದರಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಅಂತ ಅಗ್ಗಕ್ಕೆ ಸಿಗುವ ಹಳೇ ಪವರ್ ಮಷಿನ್ನುಗಳಲ್ಲಿ ಬಹುತೇಕ ಕ್ಲಚ್ ಮೋಟಾರ್ ಇರುತ್ತದೆ. ಅದು ಸ್ವಿಚ್ ಹಾಕಿದಷ್ಟು ಹೊತ್ತೂ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ. ಕಾಲು ಇಟ್ಟ ಕೂಡಲೇ ಬಟ್ಟೆ ಎಳೆದುಕೊಂಡು ಓಡುತ್ತದೆ. ತುಳಿದು ರೂಢಿ ಇದ್ದವರಿಗೆ ಅದು ಬೇಡವೇ ಬೇಡ.

ಈ ಮಷಿನ್ ನಿಮಿಷಕ್ಕೆ ನಾಲ್ಕೈದು ಸಾವಿರ ಟಾಕಿ ಓಡಬಲ್ಲದು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅದು ನಿಮಗೆ ಬೇಕಾಗಿಯೇ ಇಲ್ಲ. ಕಂಟ್ರೋಲ್ ಬಾಕ್ಸಿನಲ್ಲಿ ಗರಿಷ್ಠ ಸ್ಪೀಡನ್ನು 2,000ಕ್ಕೆ ಇಳಿಸಿ ಇಡಬಹುದು. ಆಗ ಪೆಡಲ್ ಪೂರ್ತಿ ಒತ್ತಿದರೂ ಅದಕ್ಕಿಂತ ಜೋರಾಗಿ ಓಡುವುದಿಲ್ಲ. ಕೈ ಕೂತ ಮೇಲೆ ನಿಧಾನ ಏರಿಸಿಕೊಳ್ಳಿ.

ನಿಜವಾದ ಲಾಭ ಬೇರೆ ಕಡೆ ಇದೆ. ಟೇಬಲ್ ಕೆಳಗೆ ಬಲ ಮೊಣಕಾಲಿನ ಹತ್ತಿರ ಒಂದು ಪ್ಯಾಡ್ ಇರುತ್ತದೆ. ಮೊಣಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಒತ್ತಿದರೆ ಪಾಯ ಮೇಲೇಳುತ್ತದೆ. ಎರಡೂ ಕೈ ಬಟ್ಟೆಯ ಮೇಲೇ ಇರುತ್ತವೆ. ಕೊರಳಿನ ತಿರುವಿನಲ್ಲಿ, ತೋಳು ಕೂರಿಸುವಲ್ಲಿ ನೀವು ಎಷ್ಟು ಸಲ ಪಾಯ ಎತ್ತಿ ಇಳಿಸುತ್ತೀರಿ ಅಂತ ಒಮ್ಮೆ ಎಣಿಸಿ ನೋಡಿ, ಆಗ ಇದರ ಬೆಲೆ ತಿಳಿಯುತ್ತದೆ. ಕೈಯಿಂದ ಚಕ್ರ ತಿರುಗಿಸಿ ಶುರು ಮಾಡುವ ಕೆಲಸ ಪೂರ್ತಿ ಹೋಯಿತು. ಸೂಜಿ ಮೇಲೆ ಅಥವಾ ಕೆಳಗೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುವ ಮಾಡೆಲ್ ಇದೆ. ಬಾಬಿನ್ ದಾರವನ್ನು ಅದೇ ಮಷಿನ್ ಹೊಲಿಯುತ್ತಿರುವಾಗಲೇ ಪಕ್ಕದಲ್ಲಿ ಸುತ್ತಿಕೊಳ್ಳಬಹುದು. ಮೊದಲು ಹೇಳಿದವರ 70 ನಿಮಿಷ ಈ ಮಷಿನ್ನಿಗೆ ಕೈ ಹೊಂದಿದ ಮೇಲೆ 45ಕ್ಕೆ ಬಂತು. ಅದರಲ್ಲಿ ಸೂಜಿಯ ಸ್ಪೀಡಿನಿಂದ ಉಳಿದದ್ದು ಅರ್ಧ, ಮಿಕ್ಕದ್ದು ಈ ಚಿಕ್ಕ ಚಿಕ್ಕ ಸವಲತ್ತುಗಳಿಂದ.

ದಾರ ತಾನೇ ಕತ್ತರಿಸುವ ಮಾಡೆಲ್ಲಿಗೆ ಇನ್ನೂ ಏಳೆಂಟು ಸಾವಿರ ಜಾಸ್ತಿ ಕೇಳುತ್ತಾರೆ. ಒಂದು ಬ್ಲೌಸಿನಲ್ಲಿ ಹೊಲಿಗೆ ಮುಗಿದು ದಾರ ಕತ್ತರಿಸುವ ಸಂದರ್ಭ ಸುಮಾರು ನಲವತ್ತು ಬರುತ್ತವೆ. ಒಂದಕ್ಕೆ ಐದು ಸೆಕೆಂಡ್ ಅಂದರೂ ಮೂರು ನಿಮಿಷ ಚಿಲ್ಲರೆ. ದಿನಕ್ಕೆ ಮೂರ್ನಾಲ್ಕು ಬ್ಲೌಸ್ ಹೊಲಿಯುವವರಿಗೆ ಅದು ಅಷ್ಟು ದುಡ್ಡಿಗೆ ಬಾಳುವುದಿಲ್ಲ. ಒಂದು ಚಿಕ್ಕ ದಾರ ಕತ್ತರಿ ಟೇಬಲ್ಲಿಗೆ ಕಟ್ಟಿಕೊಳ್ಳಿ, ಸಾಕು.

ಈಗ ದುಡ್ಡಿನ ಲೆಕ್ಕ. ಬ್ಲೌಸಿಗೆ 25 ನಿಮಿಷ ಉಳಿದರೆ ಮೂರಕ್ಕೆ 75 ನಿಮಿಷ. ತಿಂಗಳಿಗೆ 25 ದಿನ ಅಂದರೆ 1,875 ನಿಮಿಷ. ಹೊಸ ಮಷಿನ್ನಿನಲ್ಲಿ ಒಂದು ಬ್ಲೌಸಿಗೆ ಒಟ್ಟು 115 ನಿಮಿಷ ಬೇಕು, ಹಾಗಾದರೆ ತಿಂಗಳಿಗೆ ಹದಿನಾರು ಬ್ಲೌಸ್ ಹೆಚ್ಚು. ಲೈನಿಂಗ್, ಹುಕ್ಕು, ದಾರ ಕಳೆದು ನಿಮ್ಮ ಕೈಗೆ 250 ಉಳಿದರೆ ತಿಂಗಳಿಗೆ 4,000 ರೂಪಾಯಿ. 25 ಸಾವಿರದ ಮಷಿನ್ ಆರು ತಿಂಗಳ ಸ್ವಲ್ಪ ಮೇಲೆ ತನ್ನ ದುಡ್ಡು ತಾನೇ ದುಡಿಯುತ್ತದೆ. ಆಷಾಢದಲ್ಲಿ ಕೆಲಸ ಕಡಿಮೆ, ಹಾಗಾಗಿ ಎಂಟು ತಿಂಗಳು ಅಂತಲೇ ಇಟ್ಟುಕೊಳ್ಳಿ. ಈ ಲೆಕ್ಕ ನಿಲ್ಲುವುದು ಆರ್ಡರ್ ಇದ್ದರೆ ಮಾತ್ರ. ನೀವು ವಾಪಸ್ ಕಳಿಸಿದ ಬ್ಲೌಸುಗಳು ವರ್ಷದಲ್ಲಿ ಎರಡೇ ತಿಂಗಳಿನವು, ಉಳಿದ ಕಾಲ ಕೈ ಖಾಲಿ ಅನ್ನುವುದಾದರೆ ಈಗ ಮೋಟಾರ್ ಮಾತ್ರ ಹಾಕಿಸಿ. ಬಾಕಿ ದುಡ್ಡು ಕೈಯಲ್ಲಿರಲಿ.

ಅಂಗಡಿಗೆ ಹೋಗುವಾಗ ನಿಮ್ಮ ಬಟ್ಟೆಯ ತುಂಡುಗಳನ್ನು ಚೀಲದಲ್ಲಿ ಒಯ್ಯಿರಿ. ಅವರು ತೋರಿಸುವ ಗಟ್ಟಿ ಕಾಟನ್ ಮೇಲೆ ಎಲ್ಲ ಮಷಿನ್ನೂ ಚೆನ್ನಾಗಿಯೇ ಹೊಲಿಯುತ್ತವೆ. ನೀವು ಒಂದು ತುಂಡು ಗುಳೇದಗುಡ್ಡದ ಖಣ, ಒಂದು ತೆಳು ಕ್ರೇಪ್, ಒಂದು ಜರಿ ಬಟ್ಟೆ, ಲೈನಿಂಗ್, ಕ್ಯಾನ್ವಾಸ್ ತಗೊಂಡು ಹೋಗಿ. ಮೊದಲು ಕ್ರೇಪ್ ಎರಡು ಪದರ ಇಟ್ಟು ಒಂದು ಅಡಿ ನೇರ ಹೊಲಿದು ಬಿಡಿ. ಹೊಲಿಗೆ ಉದ್ದಕ್ಕೂ ಸುಕ್ಕು ಕಟ್ಟಿತಾ? ಟೆನ್ಶನ್ ಸಡಿಲ ಮಾಡಿಸಿ, ಪಾಯದ ಒತ್ತಡ ಕಡಿಮೆ ಮಾಡಿಸಿ, 11 ನಂಬರ್ ಸೂಜಿ ಹಾಕಿಸಿ ಮತ್ತೆ ಹೊಲಿಯಿರಿ. ಆಮೇಲೂ ಸುಕ್ಕು ಬಂದರೆ, ಬಟ್ಟೆ ಹಿಂದೆ ತಳ್ಳುವ ಹಲ್ಲುಗಳ ಗುರುತು ಕೆಳಗಿನ ಪದರದಲ್ಲಿ ಮೂಡಿದರೆ, ಅವರು ನಿಮಗೆ ತೋರಿಸುತ್ತಿರುವುದು ದಪ್ಪ ಬಟ್ಟೆಯ ಮಾಡೆಲ್. ಇದೇ ಮಷಿನ್ನಿನಲ್ಲಿ ಜೀನ್ಸಿಗೆ ಬೇರೆ, ತೆಳು ಬಟ್ಟೆಗೆ ಬೇರೆ ಮಾಡೆಲ್ ಬರುತ್ತದೆ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ತೆಳು ಮತ್ತು ಮಧ್ಯಮ ಬಟ್ಟೆಯದು ಬೇಕು ಅಂತ ಬಾಯಿ ಬಿಟ್ಟು ಕೇಳಿ, ಬಿಲ್ಲಿನಲ್ಲಿ ಮಾಡೆಲ್ ನಂಬರ್ ಪೂರ್ತಿ ಬರೆಸಿ.

ಆಮೇಲೆ ದಪ್ಪದ ಪರೀಕ್ಷೆ. ಜರಿ, ಲೈನಿಂಗ್, ಕ್ಯಾನ್ವಾಸ್ ಜೋಡಿಸಿ ಒಂದು ಹೊಲಿಗೆ ಹಾಕಿ. ಅದನ್ನು ಮಡಚಿ, ಆ ಗಂಟಿನ ಮೇಲೆ ನಿಧಾನಕ್ಕೆ ಅಡ್ಡ ಹೊಲಿಯಿರಿ. ಜೋರಾಗಿ ಓಡಿಸಿದರೆ ಎಲ್ಲ ಮಷಿನ್ನೂ ದಾಟಿಬಿಡುತ್ತದೆ. ನಿಧಾನದಲ್ಲಿ ಒಂದೊಂದೇ ಟಾಕಿ ಹಾಕಿ ದಾಟಬೇಕು, ಟಾಕಿಯ ಅಳತೆ ಗಂಟಿನ ಮೇಲೂ ಅಷ್ಟೇ ಇರಬೇಕು. ಪೈಪಿಂಗ್ ಕೂಡುವ ಜಾಗದಲ್ಲಿ ನಿಮಗೆ ದಿನಾ ಬೇಕಾಗುವುದು ಇದೇ ಅಲ್ವಾ?

ಖಣದ ಅಂಚು ಬೇಗ ಬಿಚ್ಚಿಕೊಳ್ಳುತ್ತದೆ ಅಂತ ನಿಮಗೇ ಗೊತ್ತು. ಪವರ್ ಮಷಿನ್ನಿನಲ್ಲಿ ಜಿಗ್‌ಜಾಗ್ ಇಲ್ಲ. ಸದ್ಯಕ್ಕೆ ಓವರ್‌ಲಾಕನ್ನೂ ಸೀರೆಯ ಪೀಕೋವನ್ನೂ ಹೊರಗೆ ಕೊಡಿ. ತಿಂಗಳಿಗೆ ಅದಕ್ಕೆ ಎಷ್ಟು ಹೋಗುತ್ತದೆ ಅಂತ ಆರು ತಿಂಗಳು ಬರೆದಿಡಿ. ಓವರ್‌ಲಾಕಿನ ಖರ್ಚು ಜಾಸ್ತಿ ಇದ್ದರೆ ಮುಂದಿನ ದುಡ್ಡಿನಲ್ಲಿ ಚಿಕ್ಕ ಓವರ್‌ಲಾಕ್ ಮಷಿನ್. ಇಳಕಲ್ ಸೀರೆಯ ಫಾಲ್-ಪೀಕೋ ಜಾಸ್ತಿ ಬರುತ್ತಿದ್ದರೆ ಆಗ ಆ ಬಿಳಿ ಮೈಯ ಜಿಗ್‌ಜಾಗ್ ಮಷಿನ್. ಎರಡನೇ ಮಷಿನ್ ಆಗಿ ಅದು ಚೆನ್ನಾಗಿ ಬಾಳುತ್ತದೆ, ಯಾಕೆಂದರೆ ದಪ್ಪ ಕೆಲಸ ಅದರ ಮೇಲೆ ಬೀಳುವುದಿಲ್ಲ.

ಸರ್ಕಾರದ ಸಹಾಯದ ಮಾತೂ ಹೇಳಿಬಿಡುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿಯ ಜೊತೆ ಸಾಮಾನಿಗಾಗಿ 15,000 ರೂಪಾಯಿಯ ವೋಚರ್, 5 ಪರ್ಸೆಂಟ್ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ ಇದೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ತಗೊಂಡು ಹೋಗಿ ವಿಚಾರಿಸಿ. ಆದರೆ ಸಾಲ ಸಿಗುತ್ತದೆ ಅಂತ ದೊಡ್ಡ ಮಷಿನ್ನಿಗೆ ಹೋಗಬೇಡಿ. ಮೇಲಿನ ಲೆಕ್ಕದಲ್ಲಿ 25 ಸಾವಿರಕ್ಕೇ ಎಂಟು ತಿಂಗಳು ಹಿಡಿಯಿತು.

ಹಳೇ ಕಪ್ಪು ಮಷಿನ್ನನ್ನು ಮಾತ್ರ ಎಕ್ಸ್‌ಚೇಂಜಿಗೆ ಕೊಡಬೇಡಿ. ಅವರು ಕಳೆಯುವುದು ಸಾವಿರವೋ ಎರಡು ಸಾವಿರವೋ. ನಾಳೆ ಲಗ್ನ, ಇವತ್ತು ಸಂಜೆ ಹೆಸ್ಕಾಂ ಕರೆಂಟ್ ತೆಗೆದರೆ ಆ ದಿನ ನಿಮ್ಮ ಮಾತು ಉಳಿಸುವುದು ಅದೇ. ಮಷಿನ್ ಆರಿಸುವಾಗ ಕೆಟ್ಟರೆ ಯಾರು ಬರುತ್ತಾರೆ ಅಂತಲೂ ಕೇಳಿ. ಹುಬ್ಬಳ್ಳಿಯಿಂದ ಬರಬೇಕು ಅಂದರೆ ಎಷ್ಟು ದಿನಕ್ಕೆ, ಎಷ್ಟು ದುಡ್ಡಿಗೆ ಅಂತ ಮೊದಲೇ ಮಾತಾಡಿ. ಬೆಟಗೇರಿಯಲ್ಲೇ ಪವರ್ ಮಷಿನ್ ರಿಪೇರಿ ಮಾಡುವವರು ಯಾವ ಕಂಪನಿಯದನ್ನು ದಿನಾ ಬಿಚ್ಚುತ್ತಾರೋ ಆ ಕಂಪನಿಯದೇ ನಿಮಗೆ ಒಳ್ಳೆಯದು, ಅದು ಎರಡು ಸಾವಿರ ಜಾಸ್ತಿಯಾದರೂ ಸರಿ.

ಮಷಿನ್ ಮನೆಗೆ ಬಂದ ದಿನ ಸ್ವಿಚ್ ಹಾಕುವ ಮೊದಲು ತಲೆಯನ್ನು ಹಿಂದಕ್ಕೆ ವಾಲಿಸಿ ಕೆಳಗಿನ ತಟ್ಟೆ ನೋಡಿ. ಸಾಗಿಸುವಾಗ ಚೆಲ್ಲದಿರಲಿ ಅಂತ ಎಣ್ಣೆ ಹಾಕದೆಯೇ ಕಳಿಸಿರುತ್ತಾರೆ. ಒಣಗಿದ ಮಷಿನ್ ಓಡಿಸಿದರೆ ಒಂದೇ ದಿನದಲ್ಲಿ ಒಳಗಿನ ಬುಷ್ ಹಿಡಿದುಕೊಳ್ಳುತ್ತದೆ. ತಟ್ಟೆಯ ಮೇಲಿನ ಗುರುತಿನವರೆಗೆ ಪವರ್ ಮಷಿನ್ನಿನ ಬಿಳಿ ಎಣ್ಣೆ ತುಂಬಿ, ಮೇಲೆ ಗಾಜಿನ ಕಿಟಕಿ ಇರುವ ಮಾಡೆಲ್ ಆದರೆ ಓಡುವಾಗ ಅದರಲ್ಲಿ ಎಣ್ಣೆ ಚಿಮ್ಮುವುದು ಕಾಣುತ್ತದಾ ನೋಡಿ. ಸೂಜಿಯನ್ನೂ ಬೇರೆಯೇ ತರಬೇಕು. ನಿಮ್ಮ ಹಳೇ ಸೂಜಿಯ ಮೇಲ್ಭಾಗ ಒಂದು ಕಡೆ ಚಪ್ಪಟೆ ಇರುತ್ತದೆ, ಇದಕ್ಕೆ ಬೇಕಾದದ್ದು ಪೂರ್ತಿ ದುಂಡಗಿನದು, ಅಂಗಡಿಯಲ್ಲಿ ಡಿಬಿ×1 ಅಂತ ಕೇಳಿ. ಚಪ್ಪಟೆ ಇಲ್ಲದ್ದರಿಂದ ತಿರುವು ನೀವೇ ನೋಡಿ ಕೂರಿಸಬೇಕು. ಉದ್ದನೆಯ ಗೀರು ನಿಮ್ಮ ಎಡಕ್ಕೆ ಬರಲಿ, ದಾರವನ್ನು ಎಡದಿಂದ ಬಲಕ್ಕೆ ಪೋಣಿಸಿ. ಮೊದಲ ವಾರ ಟಾಕಿ ಬಿಟ್ಟುಹೋಗುತ್ತಿದೆ ಅನಿಸಿದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಆ ಗೀರು ಎತ್ತ ಕಡೆ ಇದೆ ಅಂತ ನೋಡಿ.